ಚನ್ನವೀರನಿಗೆ ಹೋದ ಎಚ್ಚರಿಕೆ

ಜಯನಗರದ ಲ್ಯಾಬೊಂದರ ರಿಪೋರ್ಟುಗಳನ್ನು ರೋಗಿಗಳ ಮೊಬೈಲಿಗೆ ಕಳಿಸುವ ಸರ್ವರ್, ಡಿಸ್ಕ್ ತುಂಬಿ ಸೋಮವಾರ ನಿಂತುಹೋಗಿತ್ತು. ಯಾಕೆ ಹೀಗಾಯಿತೆಂದು ಮೀಟಿಂಗಿನಲ್ಲಿ ತೋರಿಸಲು ಸ್ಲೈಡು ಮಾಡುವ ಕೆಲಸ ಆಪರೇಷನ್ಸ್ ತಂಡದ ವಿಭಾಳ ಪಾಲಿಗೆ ಬಂತು.

ಟೈಮ್‌ಲೈನನ್ನು ಅವಳು ಸರ್ವರ್ ನಿಂತಲ್ಲಿಂದ ಶುರು ಮಾಡಿದ್ದಳು. ಮ್ಯಾನೇಜರ್ ರಾಮಪ್ರಸಾದ್ ಒಪ್ಪಲಿಲ್ಲ.

"ಡಿಸ್ಕ್ ತುಂಬ್ತಿದೆ ಅಂತ ಮೊದಲೇ ಎಚ್ಚರಿಕೆ ಮೇಲ್ ಹೋಗಿತ್ತಲ್ಲಮ್ಮಾ? ಯಾರಿಗೆ ಹೋಯ್ತು?"

"ಚನ್ನವೀರಂಗೆ ಸಾರ್. ಅವನೊಬ್ಬನಿಗೇ."

ಚನ್ನವೀರ ಕೆಲಸ ಬಿಟ್ಟು ಧಾರವಾಡಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಊಟದ ಹೊತ್ತಿಗೆ ಎಚ್ಚರಿಕೆ ಬಂದರೆ, "ನೀವು ಊಟಾ ಮಾಡ್ರಿ, ನಾ ನೋಡ್ತೀನಿ" ಎಂದು ತನ್ನ ಡಬ್ಬಿ ಮುಚ್ಚಿ ಏಳುತ್ತಿದ್ದವನು ಅವನೇ.

"ಹಾಗಾದ್ರೆ ಅವನು ಹೋದ ದಿನದಿಂದಾನೇ ಶುರು ಮಾಡು. ಹೆಸರು ಬೇಡ, ಇದು ತಪ್ಪು ಹೊರಿಸೋ ಮೀಟಿಂಗ್ ಅಲ್ಲ."

'ಎಚ್ಚರಿಕೆ ಪಡೆಯುತ್ತಿದ್ದ ಸಿಬ್ಬಂದಿಯ ನಿರ್ಗಮನ' ಎಂದು ವಿಭಾ ಮೊದಲ ಸಾಲು ಬರೆದಳು. ಅವನು ಹೊರಟ ದಿನ ಅವಳು ಬೀಳ್ಕೊಡುಗೆಯ ಕೇಕ್ ಮುಟ್ಟದೆ ಒಬ್ಬಳೇ ಯಡಿಯೂರು ಕೆರೆ ಸುತ್ತಿದ್ದಳು. ಅದಕ್ಕೆ ಸ್ಲೈಡಿನಲ್ಲಿ ಜಾಗವೆಲ್ಲಿ?

ಮೂಲ ಕಾರಣ: ಎಚ್ಚರಿಕೆ ಒಬ್ಬರಿಗೇ ಹೋಗುತ್ತಿತ್ತು, ಅವರು ಬಿಟ್ಟಾಗ ಬದಲಿಸುವ ಕ್ರಮವಿರಲಿಲ್ಲ. ಪರಿಹಾರ: ಆ ಹೆಸರು ತೆಗೆದು ಇಡೀ ತಂಡಕ್ಕೆ ಕಳಿಸಿ ಪರೀಕ್ಷಿಸುವುದು, ಯಾರಾದರೂ ಕೆಲಸ ಬಿಡುವಾಗ ಮಾಡಬೇಕಾದ ಕೆಲಸಗಳ ಪಟ್ಟಿಗೆ ಇದನ್ನೂ ಸೇರಿಸುವುದು. ಹೊಣೆ: ವಿಭಾ. ಗಡುವು: ಇವತ್ತೇ.

ಊಟಕ್ಕೆ ಕೂತಲ್ಲೇ ಹೆಸರು ಅಳಿಸಿ, ಪರೀಕ್ಷೆಗೆಂದು ಒಂದು ಎಚ್ಚರಿಕೆ ಕಳಿಸಿದಳು. ಮೇಜಿನ ಸುತ್ತ ಎಲ್ಲರ ಫೋನುಗಳೂ ಒಟ್ಟಿಗೆ ಗುಂಯ್ ಎಂದವು.

"ಸಖತ್, ಕೆಲಸ ಮಾಡ್ತಿದೆ!" ಎಂದರು ರಾಮಪ್ರಸಾದ್.

ಎಲ್ಲರೂ ಫೋನ್ ನೋಡಿ ಮತ್ತೆ ತುತ್ತಿಗೆ ಕೈ ಹಾಕಿದರು. ಡಬ್ಬಿ ಮುಚ್ಚಿ ಯಾರೂ ಏಳಲಿಲ್ಲ.