ಉಗ್ರಪ್ಪನ ಮನೆ ಗಾಡಿ

ಗ್ಯಾರೇಜಿನವರ ಮನೆ ಗಾಡಿಯಷ್ಟು ದಿಕ್ಕಿಲ್ಲದ ಗಾಡಿ ಊರಲ್ಲಿ ಇನ್ನೊಂದಿರುವುದಿಲ್ಲ. ಬನಶಂಕರಿ ಎರಡನೇ ಹಂತದ ನಮ್ಮ ಬೀದಿಯಲ್ಲಿ ಸಾಲಾಗಿ ಗ್ಯಾರೇಜುಗಳಿವೆ, ಎದುರಿಗೆ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿ. ಗಿರಾಕಿಯ ಗಾಡಿಗೆ ಹೊಸ ನಟ್ಟು, ಹೊಸ ಬೋಲ್ಟು. ಸ್ವಂತದವರ ಗಾಡಿಗೆ ಡಬ್ಬದಲ್ಲಿ ಬಿದ್ದಿದ್ದ ಹಳೇದು. ಬೇರೆಯವರ ಕೆಲಸವೆಲ್ಲ ಮುಗಿದು, ಮೈ ಸೋತ ಮೇಲೆ ಅದರ ಸರದಿ. 'ಮನೇದು ತಾನೆ, ನೋಡ್ಕೊಳ್ಳೋಣ ಬಿಡು' ಎನ್ನುವುದನ್ನು ಈ ಬೀದಿಯಲ್ಲಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಎದುರಿನ ಗ್ಯಾರೇಜಿನ ಉಗ್ರಪ್ಪನೂ ಹಾಗೇ ಹೇಳಿದ. ಉಳಿದವರು ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಅವನು ಹುಳಿಮಾವಿನ ಹಳೆಯ ಊರಿನವನು. ಹುಡುಗನಾಗಿದ್ದಾಗ ಗ್ಯಾರೇಜಿಗೆ ಸೇರಿದವನು ಗಾಡಿಯ ಹೊಟ್ಟೆಯ ಕೆಳಗೇ ಮುದುಕನಾಗುತ್ತಿದ್ದ. ಇಂಜಿನ್ ಕೆಲಸ ಅವನಿಗೆ ಅಷ್ಟಕ್ಕಷ್ಟೆ. ಬಾಲ್ ಜಾಯಿಂಟ್ ಬಿಡಿಸುವುದೆಂದರೆ ಮಾತ್ರ ಪದ್ಮನಾಭನಗರ, ಹನುಮಂತನಗರದ ಗ್ಯಾರೇಜುಗಳಿಂದಲೂ ಅವನಿಗೆ ಫೋನ್ ಬರುತ್ತಿತ್ತು. 'ಜಾಯಿಂಟ್ ಉಗ್ರಪ್ಪ' ಎಂದೇ ಹೆಸರು. ಆ ಹೆಸರು ಕೇಳಿದರೆ ಮೂಗಿನ ಹೊಳ್ಳೆ ಅರಳುತ್ತಿತ್ತು, ನಾನು ಎಷ್ಟೋ ಸಲ ಅದನ್ನೇ ಹಿಡಿದು ಗೇಲಿ ಮಾಡಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುಂದಿನ ಚಕ್ರವನ್ನು ಹೊತ್ತಿರುವ ದಪ್ಪ ಕಬ್ಬಿಣಕ್ಕೆ ನಕಲ್ ಎನ್ನುತ್ತಾರೆ. ಕೆಳಗಿನಿಂದ ಅದನ್ನು ಹಿಡಿದಿರುವುದು ಲೋವರ್ ಆರ್ಮ್. ಇವೆರಡನ್ನೂ ಸೇರಿಸುವುದು ಬಾಲ್ ಜಾಯಿಂಟ್: ಆರ್ಮಿನ ತುದಿಯ ಬಟ್ಟಲಿನಲ್ಲಿ ತಿರುಗುವ ಗುಂಡು, ಗುಂಡಿನ ಮೇಲೊಂದು ಗೂಟ. ಗೂಟ ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ, ನಕಲ್‌ನ ತೂತೂ ಹಾಗೇ. ನಟ್ಟು ಬಿಗಿದಷ್ಟೂ ಗೂಟ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ನಟ್ಟು ಬಿಚ್ಚಿದರೂ ಬಿಡುವುದಿಲ್ಲ.

ಬಿಡಿಸಲು ಎರಡು ದಾರಿ. ಒಂದು ಫೋರ್ಕ್: ಎರಡು ಹಲ್ಲಿನ ಬೆಣೆ. ಆರ್ಮಿಗೂ ನಕಲ್‌ಗೂ ನಡುವೆ ತೂರಿಸಿ ಸುತ್ತಿಗೆಯಲ್ಲಿ ಬಾರಿಸಿದರೆ ಬೇಗ ಬಿಡುತ್ತದೆ, ಆದರೆ ಗುಂಡಿನ ಗ್ರೀಸನ್ನು ಕಾಯುವ ರಬ್ಬರ್ ಬೂಟ್ ಸಾಮಾನ್ಯವಾಗಿ ಹರಿದುಹೋಗುತ್ತದೆ. ಜಾಯಿಂಟನ್ನೇ ಎಸೆಯುವುದಾದರೆ ಚಿಂತೆಯಿಲ್ಲ. ಅದನ್ನೇ ಮತ್ತೆ ಹಾಕುವುದಾದರೆ ಪುಲ್ಲರ್ ಬೇಕು. ಉಗ್ರಪ್ಪ ನಟ್ಟನ್ನು ಪೂರ್ತಿ ಬಿಚ್ಚದೆ ಗೂಟದ ತುದಿಯ ಮಟ್ಟಕ್ಕೆ ತಂದು ಬಿಡುತ್ತಿದ್ದ, ಬಿಟ್ಟಾಗ ಆರ್ಮ್ ಎಗರಬಾರದೆಂದು. ಪುಲ್ಲರಿನ ದವಡೆಯನ್ನು ನಕಲ್‌ಗೆ ಕೊಟ್ಟು, ಅದರ ಸ್ಕ್ರೂವಿನಿಂದ ಗೂಟದ ತುದಿಯನ್ನು ಒತ್ತುತ್ತಾ ಹೋಗುತ್ತಿದ್ದ. ಚೆನ್ನಾಗಿ ಬಿಗಿಯಾದ ಮೇಲೆ ನಕಲ್‌ನ ಪಕ್ಕಕ್ಕೆ ಒಂದು ಏಟು. ಟಪ್ ಎಂದು ಬಿಡುತ್ತಿತ್ತು. ತುಕ್ಕು ಹಿಡಿದು ಹಟ ಮಾಡಿದರೆ ಬಿಗಿದ ಪುಲ್ಲರನ್ನು ಹಾಗೇ ಬಿಟ್ಟು ಟೀ ಕುಡಿಯಲು ಬರುತ್ತಿದ್ದ. ಎಷ್ಟೋ ಸಲ ನಾವು ಟೀ ಕುಡಿಯುತ್ತಿರುವಾಗಲೇ ಆ ಸದ್ದು ರಸ್ತೆ ದಾಟಿ ಬರುತ್ತಿತ್ತು.

ಅವನ ಒಬ್ಬಳೇ ಮಗಳು ಲತಾಮಣಿ. ತೊಟ್ಟಿಲ ಬದಲು ಹಳೆಯ ಟೈರಿನಲ್ಲಿ ಕೂತು ಬೆಳೆದ ಹುಡುಗಿ, ಸ್ಪ್ಯಾನರ್ ನಂಬರು ಕಲಿತದ್ದೇ ಮೊದಲು, ಮಗ್ಗಿ ಆಮೇಲೆ. ಮದುವೆಯಾಗಿ ಕೆಲವು ವರ್ಷಕ್ಕೆ ಗಂಡ ಮಹೇಶನ ಮನೆಯವರು ಬೇಡ ಬೇಡ ಎಂದರೂ ಕೇಳದೆ ಏಳು ಸೀಟಿನ ಹಳೆಯ ಗಾಡಿಯೊಂದನ್ನು ತೆಗೆದುಕೊಂಡು, ಆ್ಯಪ್ ಕಂಪನಿಯೊಂದಕ್ಕೆ ಹಾಕಿ ತಾನೇ ಓಡಿಸಿದಳು. ಹೆಂಗಸು ಡ್ರೈವರ್ ಎಂದು ವಯಸ್ಸಾದವರು ಅವಳನ್ನೇ ಕೇಳಿ ಕರೆಯುತ್ತಿದ್ದರು. ಅವಳ ಮುಖದಲ್ಲಿ ಆಗ ಇದ್ದ ಕಳೆಯನ್ನು ನಾನು ನೋಡಿದ್ದೇನೆ. ಯಾರ ಹಂಗೂ ಇಲ್ಲದವರ ಕಳೆ ಅದು.

ಬೇಸಿಗೆಯಲ್ಲಿ ಗಾಡಿಯ ಎರಡೂ ಲೋವರ್ ಆರ್ಮಿನ ಬುಡದ ರಬ್ಬರ್ ಬುಷ್ ಸವೆದುಹೋಗಿ ಮುಂದೆಲ್ಲ ಗಡಗಡ ಎನ್ನತೊಡಗಿತು. ಆರ್ಮ್ ಕೆಳಗಿಳಿಸದೆ ಬುಷ್ ಹಾಕಲಾಗುವುದಿಲ್ಲ, ಜಾಯಿಂಟ್ ಬಿಡಿಸದೆ ಆರ್ಮ್ ಇಳಿಯುವುದಿಲ್ಲ. ಅವಳು ಒಂದು ಭಾನುವಾರ ಗಾಡಿ ತಂದು ಬಿಟ್ಟಳು. ಗ್ಯಾರೇಜಿನ ಒಂದೇ ಒಂದು ಒಳ್ಳೆಯ ಪುಲ್ಲರ್ ಜಯನಗರದ ಗಿರಾಕಿಯೊಬ್ಬರ ಕಾರಿನ ತುಕ್ಕು ಜಾಯಿಂಟಿಗೆ ಬಿಗಿದು ಕೂತಿತ್ತು. ಅದನ್ನು ಬಿಚ್ಚಿ ತರಬಹುದಿತ್ತು. ಉಗ್ರಪ್ಪ ಫೋರ್ಕ್ ತೆಗೆದುಕೊಂಡ. ಎರಡೂ ಕಡೆ ಬೂಟ್ ಹರಿಯಿತು. ಆ ಗಾಡಿಗೆ ಬೂಟ್ ಬಿಡಿಯಾಗಿ ಸಿಗುವುದಿಲ್ಲ, ಜಾಯಿಂಟ್ ಸಮೇತ ಇಡೀ ಆರ್ಮ್ ತರಿಸಬೇಕು. ನನ್ನ ಅಂಗಡಿಗೂ ರಜೆ. ಮಗಳಿಗೆ ಬೆಳಗ್ಗೆ ಏರ್‌ಪೋರ್ಟಿನ ಬಾಡಿಗೆ ಇತ್ತು. ಅವನು ಗ್ರೀಸ್ ತುಂಬಿ, ಕರಿ ಟೇಪ್ ಸುತ್ತಿ, ಮುಂದಿನ ವಾರ ನೋಡೋಣ ಎಂದುಕೊಂಡ. ಇದೆಲ್ಲ ಅವನೇ ಆಮೇಲೆ ನನ್ನ ಮುಂದೆ ಬಾಯಿ ಬಿಟ್ಟದ್ದು.

"ಎಲ್ಲಾ ಸರಿಗೈತಾ ಅಪ್ಪಾ?" ಎಂದು ಅವಳು ಕೇಳಿದಳಂತೆ.

"ನಾನ್ ಮಾಡಿದ್ದು ಕಣಮ್ಮಾ. ಕಣ್ ಮುಚ್ಕೊಂಡ್ ಓಡಿಸು."

ಮುಂದಿನ ವಾರ ಬೇರೆ ಗಿರಾಕಿ, ಅದರ ಮುಂದಿನ ವಾರ ಇನ್ನೊಬ್ಬರು. ಮಳೆಗಾಲ ಬಂತು. ಬನ್ನೇರುಘಟ್ಟ ರಸ್ತೆಯ ಕೆಸರು, ಅಗೆದು ಬಿಟ್ಟ ಗುಂಡಿಯ ನೀರು, ಬಿಸಿಲು ಬಿದ್ದರೆ ಧೂಳು, ಎಲ್ಲವೂ ಟೇಪಿನ ಸಂದಿಯಿಂದ ಒಳಗೆ ಹೋದವು. ಗ್ರೀಸ್ ತೊಳೆದುಹೋಗಿ ಗುಂಡು ಸವೆಯುತ್ತಾ ಬಂತು. ಅಷ್ಟರಲ್ಲಿ ಅವಳೊಮ್ಮೆ ತಿರುವಿನಲ್ಲಿ ಟಕ್ ಟಕ್ ಅಂತಿದೆ ಅಪ್ಪಾ ಎಂದಿದ್ದಳು. ಅದಕ್ಕೂ ಅದೇ ಉತ್ತರ: ನೋಡ್ಕೊಳ್ಳೋಣ ಬಿಡು.

ಹುಳಿಮಾವಿನ ಹತ್ತಿರ ಒಂದು ಹಂಪ್ ಇಳಿಯುವಾಗ ಬಲಗಡೆಯ ಗುಂಡು ಬಟ್ಟಲಿನಿಂದ ಕಳಚಿಕೊಂಡಿತು. ಚಕ್ರ ಹೊರಕ್ಕೆ ಮಡಚಿ, ಗಾಡಿ ಮೂಗು ನೆಲಕ್ಕೆ ಹಾಕಿ ಕೂತಿತು. ಹಿಂದೆ ಕೂತಿದ್ದ ಸೀತಾಲಕ್ಷ್ಮಿ ಎಂಬ ವಯಸ್ಸಾದ ಹೆಂಗಸಿನ ಮಣಿಕಟ್ಟು ಮುರಿಯಿತು. ಜನ ಸೇರಿದರು. ಹೆಂಗಸಿನ ಕೈಗೆ ಸ್ಟೇರಿಂಗ್ ಕೊಟ್ಟರೆ ಇನ್ನೇನಾಗುತ್ತೆ ಎನ್ನುವ ಗಂಡಸರಿಗೆ ನಮ್ಮಲ್ಲಿ ಯಾವತ್ತು ಬರ ಬಂದಿದೆ? ಆ್ಯಪ್ ಕಂಪನಿಯವನೂ ಬಂದ. ತಪ್ಪು ಗಾಡಿಯದಾದರೆ ರಿಪೇರಿ ಮಾಡಿಸಿ ಮತ್ತೆ ಓಡಿಸಬಹುದು, ಓಡಿಸಿದವರದಾದರೆ ಆ್ಯಪಿನಲ್ಲಿ ಅವರ ಐಡಿ ಕಾಯಂ ಬಂದ್ ಎಂದ. ಅಷ್ಟರಲ್ಲಿ ಉಗ್ರಪ್ಪ ಬಂದು ಮುಟ್ಟಿದ್ದ. ಜಾಯಿಂಟಿನಲ್ಲಿ ಅವನಷ್ಟು ತಿಳಿದವರಿಲ್ಲ ಎಂದು ಯಾರೋ ಹೇಳಿದರು. ಕಂಪನಿಯವನು ಅವನನ್ನೇ ಕೇಳಿದ.

ಉಗ್ರಪ್ಪ ಬಗ್ಗಿ ನೋಡಿದ. ಗುಂಡು ಒಣಗಿ ಕೆಂಪಗೆ ತುಕ್ಕು ಹಿಡಿದಿತ್ತು. ಹರಿದ ಬೂಟನ್ನೂ ಟೇಪಿನ ಚೂರನ್ನೂ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡು ಎದ್ದ.

"ಏಟಿಗೆ ಬೂಟ್ ಹರ್ದೈತೆ," ಎಂದ. ಆಮೇಲೆ ಮಗಳ ಕಡೆ ತಿರುಗಿ, "ಹಂಪ್ ಮೇಲೆ ಹಂಗ್ ಹಾರಿಸ್ಬಾರ್ದು ಕಣಮ್ಮಾ. ಎಷ್ಟ್ ಸಲ ಹೇಳಿಲ್ಲ ನಿಂಗೆ?"

"ನಾನ್ ಹಾರಿಸಿಲ್ಲ ಅಪ್ಪಾ, ಮೆಲ್ಲಗೇ ಇಳಿಸ್ದೆ," ಎಂದಳು.

ಹೆತ್ತ ಅಪ್ಪನೇ ಹೇಳಿದ ಮೇಲೆ ಕಂಪನಿಯವನಿಗೆ ಇನ್ನೇನು ಬೇಕು? ಐಡಿ ಹೋಯಿತು. ಮಹೇಶನ ಮನೆಯವರಿಗೆ ಹಬ್ಬ. ಅವಳು ವಾರಗಟ್ಟಲೆ ಆ ಹಂಪನ್ನು ಮನಸ್ಸಿನಲ್ಲಿ ಇಳಿಸಿ ಇಳಿಸಿ ನೋಡಿ, ಕೊನೆಗೆ ತಾನೇ ಜೋರಾಗಿ ಹೋಗಿದ್ದೆನೇನೋ ಎಂದು ನಂಬತೊಡಗಿದಳು. "ನಾನೇ ಸರ್ಯಾಗ್ ನೋಡ್ಲಿಲ್ವೇನೋ ಅಂಕಲ್, ಅಪ್ಪ ಸುಳ್ ಹೇಳ್ತಾರಾ?" ಎಂದು ನನ್ನ ಅಂಗಡಿಯಲ್ಲಿ ನಿಂತು ಹೇಳಿದಾಗ ನನಗೂ ಅದೇ ನಿಜ ಅನ್ನಿಸಿತ್ತು.

ಉಗ್ರಪ್ಪ ಬಲಗಡೆ ಹೊಸ ಆರ್ಮ್ ಹಾಕಿ, ಹಳೆಯದನ್ನು ಅವತ್ತೇ ಗುಜರಿಗೆ ಎಸೆದ. ನನ್ನಲ್ಲಿ ಇದ್ದದ್ದು ಬಲಗಡೆಯದು ಮಾತ್ರ. ಎಡಗಡೆಯದು ತರಿಸಿಕೊಡು ಎಂದು ದಿನಾ ಬಂದು ಪೀಡಿಸುತ್ತಿದ್ದ. ಅದು ಬರುವಷ್ಟರಲ್ಲಿ ಮಹೇಶ ಗಾಡಿ ಮಾರಲು ನಿಂತು ಜೆ.ಪಿ. ನಗರದ ಮುನಿಯಣ್ಣ ಎಂಬುವರನ್ನು ಒಪ್ಪಿಸಿಬಿಟ್ಟ.

ಮುನಿಯಣ್ಣ ಗಟ್ಟಿ ಆಸಾಮಿ. ಬಿದ್ದ ಗಾಡಿ, ಇನ್ನೊಂದು ಕಡೆಯನ್ನೂ ಚಕ್ರ ಬಿಚ್ಚಿ ತೋರಿಸಿದರೇನೇ ತಗೊಳ್ಳೋದು ಎಂದು ಗ್ಯಾರೇಜಿಗೇ ಬಂದರು. ಕೀಲಿ ಕೊಡಲು ಲತಾಮಣಿಯೂ ಬಂದಿದ್ದಳು. ಎಡಗಡೆಯ ಆರ್ಮ್ ಅವತ್ತೇ ಬಂದಿತ್ತು, ನಾನು ಅದನ್ನು ಹೆಗಲ ಮೇಲೆ ಇಟ್ಟುಕೊಂಡು ರಸ್ತೆ ದಾಟಿದೆ.

"ಈ ಕಡೆದೆಲ್ಲಾ ಚೆನ್ನಾಗೈತೆ ಸಾರ್, ಬಿಚ್ಚೋದೇನೂ ಬ್ಯಾಡ," ಎನ್ನುತ್ತಿದ್ದ ಉಗ್ರಪ್ಪ. ಬೆವರುತ್ತಿದ್ದ.

"ಬಿಚ್ಚಪ್ಪಾ, ನೋಡ್ಲಿ," ಎಂದು ಲತಾಮಣಿಯೇ ಜಾಕ್ ಕೊಟ್ಟಳು. ಚಕ್ರವನ್ನೂ ಅವಳೇ ಎಳೆದು ತೆಗೆದಳು.

ಜಾಯಿಂಟಿನ ಸುತ್ತ ಕರಿ ಟೇಪ್ ಇತ್ತು. ಅರ್ಧ ಬಿಟ್ಟುಕೊಂಡು ಜೋತಾಡುತ್ತಿತ್ತು, ಸಂದಿಯಲ್ಲಿ ಸೀಳಿದ ರಬ್ಬರು ಕಾಣುತ್ತಿತ್ತು.

"ಇದೇನ್ ಗುರು, ಟೇಪ್ ಸುತ್ತವ್ರೆ?" ಎಂದರು ಮುನಿಯಣ್ಣ.

ಲತಾಮಣಿ ಕುಕ್ಕರಗಾಲಿನಲ್ಲಿ ಕೂತು ಆ ಟೇಪನ್ನು ಬೆರಳಲ್ಲಿ ಬಿಡಿಸಿದಳು. ಸೀಳಿನ ಎರಡೂ ಪಕ್ಕದಲ್ಲಿ ಫೋರ್ಕಿನ ಹಲ್ಲು ಉಜ್ಜಿದ ಗೆರೆ. ಆ ಗೆರೆಯನ್ನು ಓದಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಂಪಿನಲ್ಲಿ ಈ ಕಡೆಗೆ ಏಟು ಬಿದ್ದಿರಲಿಲ್ಲವೆಂಬುದೂ ಅವಳಿಗೆ ಗೊತ್ತಿತ್ತು. ಆರ್ಮ್ ಹೊತ್ತುಕೊಂಡು ನಿಂತಿದ್ದ ನನಗೂ ಆಗಲೇ ಹೊಳೆದದ್ದು, ಬಲಗಡೆಯ ಬೂಟೂ ಹೀಗೇ ಹರಿದಿತ್ತೆಂದು. ಉಗ್ರಪ್ಪ ಮಾತ್ರ ಯಾರ ಮುಖವನ್ನೂ ನೋಡದೆ ಎದ್ದು ಹೋಗಿ, ಪುಲ್ಲರ್ ತಂದು, ಬಟ್ಟೆಯಲ್ಲಿ ಒರೆಸಿ, ಬಹಳ ಜೋಪಾನವಾಗಿ ನಕಲ್‌ಗೆ ಕೂರಿಸತೊಡಗಿದ.

"ಅಪ್ಪಾ," ಎಂದಳು ಲತಾಮಣಿ. ದನಿ ಏರಿಸಲಿಲ್ಲ. "ಅದು ಎಸೆಯೋ ಜಾಯಿಂಟು. ಅದಕ್ಯಾಕೆ ಪುಲ್ಲರ್ರು? ಫೋರ್ಕ್ ಹಾಕು. ಈಗ ಹಾಕ್ಬೋದು."

ಅವಳು ಹೇಳಿದ್ದು ಕೆಲಸದ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಅವನು ಪುಲ್ಲರ್ ಬಿಚ್ಚಿಟ್ಟು ಫೋರ್ಕ್ ತಂದ. ಕೆಲವು ಏಟಿಗೆ ಜಾಯಿಂಟ್ ಬಿಟ್ಟುಕೊಂಡಿತು. ಆರ್ಮ್ ಬದಲಾಯಿಸಿ, ನಟ್ಟು ಬಿಗಿದು, ಅದು ಸಡಿಲವಾಗದಂತೆ ಸ್ಪ್ಲಿಟ್ ಪಿನ್ ತೂರಿಸಿ ಮಡಚಿದ. ಮುನಿಯಣ್ಣ ಗಾಡಿಯ ಸುತ್ತ ಒಂದು ಸುತ್ತು ಬಂದು ತಲೆಯಾಡಿಸಿದರು.

ಉಗ್ರಪ್ಪ ಆಗ ಎದ್ದು ನಿಂತ. "ನಾಳೆ ಕಂಪ್ನಿಗ್ ಬರ್ತೀನಿ ಕಣಮ್ಮಾ. ನಿಂದೇನೂ ತಪ್ಪಿಲ್ಲ, ಗಾಡೀದೇ ತಪ್ಪು ಅಂತ ನಾನೇ ಹೇಳ್ತೀನಿ. ನೀನ್ ಮತ್ತೆ ಓಡಿಸ್ಬೋದು."

"ಯಾವ್ ಗಾಡಿ ಅಪ್ಪಾ?" ಎಂದು ಲತಾಮಣಿ ಕೀಲಿಯನ್ನು ಮುನಿಯಣ್ಣನ ಕೈಗೆ ಹಾಕಿದಳು.