ಅಮಾವಾಸ್ಯೆಯ ದಿನ ಓಡಿದ ಮೀಟರು

ಆ ಕರೆಂಟ್ ಬಿಲ್ಲು ಬಂದಾಗ ಮಳೆ ಬರುತ್ತಿತ್ತು ಎಂದು ನನ್ನ ನೆನಪು ಹೇಳುತ್ತದೆ. ಮಳೆ ಬಂದಿರಲಿಕ್ಕಿಲ್ಲ. ಮಳೆಗಾಲವಾಗಿದ್ದುದು ನಿಜ, ಆದರೆ ಒಳ್ಳೆಯದಲ್ಲದ ಸುದ್ದಿಗೆಲ್ಲ ನನ್ನ ಮನಸ್ಸು ಆಮೇಲೆ ಮಳೆ ಸುರಿಸಿಕೊಳ್ಳುತ್ತದೆ. ಖಚಿತವಾಗಿ ಹೇಳಬಲ್ಲದ್ದು ಇಷ್ಟೇ. ನಮ್ಮತ್ತೆ ಬಿಲ್ಲನ್ನು ಕೈಯಲ್ಲಿ ಹಿಡಿದು, ಹಿಟ್ಟಿನ ಗಿರಣಿಯ ಹೊಸ್ತಿಲಲ್ಲಿ ನಿಂತು, "ಇದು ನಮ್ದಾ ನೋಡವ್ವ, ಪಕ್ಕದೋರ್ದೇನಾರ ಇಲ್ಲಿ ಬಂತಾ" ಎಂದು ನನ್ನನ್ನು ಕೇಳಿದರು.

ನಮ್ಮದೇ. ಆರ್‌ಆರ್ ನಂಬರು ನಮ್ಮ ಸಂಪರ್ಕದ್ದೇ ಆಗಿತ್ತು. ಗಿರಣಿ ಆ ತಿಂಗಳು ದುಡಿದಿದ್ದಕ್ಕಿಂತ ಬಿಲ್ಲೇ ಜಾಸ್ತಿಯಿತ್ತು.

ಆಗ ನನ್ನ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಎಂ.ಎ. ಮುಗಿಸಿ ಕನಕಪುರಕ್ಕೆ ಸೊಸೆಯಾಗಿ ಬಂದಿದ್ದೆ. ಯಜಮಾನರು ಹಾರೋಹಳ್ಳಿ ಕಡೆಯ ಹೊಸ ಫ್ಯಾಕ್ಟರಿಯೊಂದರಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದರು. ಮನೆಗೆ ಅಂಟಿಕೊಂಡ ಗಿರಣಿಯನ್ನು ಮಾವ ತೀರಿಕೊಂಡ ಮೇಲೆ ಅತ್ತೆಯೇ ನಡೆಸುತ್ತಿದ್ದರು. ಬೆಲ್ಟು ಹಾಕುವುದು, ಸವೆದ ಬೀಸುಕಲ್ಲು ಕುಟ್ಟಿಸುವುದು, ಮುಂಗೈವರೆಗೂ ಹಿಟ್ಟು ಮೆತ್ತಿಕೊಂಡು ರಾಗಿ ಸುರಿಯುವುದು, ಎಲ್ಲ ಅವರದೇ.

ಬೇಸಿಗೆಯಲ್ಲೂ ಬಿಲ್ಲು ಏರಿತ್ತು. ಆದರೆ ಬೇಸಿಗೆಯೆಂದರೆ ಖಾರದಪುಡಿ, ಸಾರಿನಪುಡಿ, ಸಂಡಿಗೆಯ ಅಕ್ಕಿಹಿಟ್ಟು. ಮೆಷಿನ್ನಿಗೆ ಬಿಡುವಿರುವುದಿಲ್ಲ. ಹಾಗಾಗಿ ಅತ್ತೆ ಮಾತಾಡದೆ ಕಟ್ಟಿದ್ದರು. ಕಟ್ಟಿ, ಬೀಸುವ ಕೂಲಿಯನ್ನು ಒಂದಿಷ್ಟು ಏರಿಸಿದ್ದರು. ಅದಕ್ಕೆ ಮುನಿದು ಹಿಂದಿನ ಬೀದಿಯ ಕೆಲವು ಹೆಂಗಸರು ಬಸ್‌ಸ್ಟ್ಯಾಂಡ್ ಹತ್ತಿರದ ಗಿರಣಿಗೆ ಹೋಗತೊಡಗಿದ್ದರು. ಈಗ ಮಳೆಗಾಲ. ಮೆಷಿನ್ನು ಅರ್ಧ ದಿನ ಸುಮ್ಮನೆ ನಿಂತಿರುತ್ತಿತ್ತು. ಆದರೂ ಬೇಸಿಗೆಯ ಬಿಲ್ಲೇ ಬಂದಿತ್ತು.

ಕಾರಣವೂ ಬಿಲ್ಲಿನಲ್ಲೇ ಇತ್ತು. ಮೀಟರ್ ದೋಷ, ಸರಾಸರಿ. ನಮ್ಮದು ಅಂಕಿಗಳು ಪರದೆಯ ಮೇಲೆ ಕಾಣುವ ಹೊಸ ಮಾದರಿಯ ಮೀಟರು. ಅಂಕಿಗಳು ಒಮ್ಮೆ ಕಾಣುತ್ತಿದ್ದವು, ಒಮ್ಮೆ ಮಾಯವಾಗುತ್ತಿದ್ದವು. ರೀಡಿಂಗ್ ತೆಗೆಯುವವರು ಬಂದಾಗ ಮಾಯವಾಗಿದ್ದವು. ಓದಲಾಗದಿದ್ದರೆ ಹಿಂದಿನ ಮೂರು ತಿಂಗಳ ಸರಾಸರಿ ಹಾಕುತ್ತಾರೆ. ಹಿಂದಿನ ಮೂರು ತಿಂಗಳೆಂದರೆ ಬೇಸಿಗೆ. ನಾವು ಗೊಣಗಿ, ಕಟ್ಟದೆ ಸುಮ್ಮನಾದೆವು. ಮುಂದಿನ ತಿಂಗಳೂ ಅದೇ ಸರಾಸರಿ, ಹಳೆಯ ಬಾಕಿಯ ಜೊತೆ ಸೇರಿ ಬಂತು. ಕಟ್ಟದಿದ್ದರೆ ಲೈನು ಕಡಿತ ಎಂಬ ನೋಟೀಸೂ ಬಂತು.

ಅತ್ತೆಯೂ ನಾನೂ ಉಪವಿಭಾಗದ ಕಚೇರಿಗೆ ಹೋದೆವು. ಇಂಜಿನಿಯರು ಒಳ್ಳೆಯವರೇ. ಬಿಲ್ಲುಗಳನ್ನು ಸಾಲಾಗಿ ಇಟ್ಟು ನೋಡಿದರು.

"ಬೇಸಿಗೆಯಿಂದ ಹಂಗೇ ಐತಲ್ಲಮ್ಮ. ಫ್ಯಾಕ್ಟರಿಗಳು ಬಂದ್ವು, ಬಾಡಿಗೆ ರೂಮ್ನೋರು ಜಾಸ್ತಿ ಆದ್ರು. ನಿಮ್ಗೂ ಬೀಸೋದು ಜಾಸ್ತಿ ಆಗೈತೆ."

"ರೂಮ್ನ ಹುಡುಗ್ರು ಮೆಸ್ನಾಗೆ ಉಣ್ತಾರೆ ಕಣಪ್ಪ. ರಾಗಿಚೀಲ ಹೊತ್ಕೊಂಡು ಫ್ಯಾಕ್ಟರಿಗೆ ಯಾರು ಓಯ್ತಾರೆ? ನೀನೇನು ರಾಗಿ ಬೀಸಿಸ್ಕೊಂಡ್ ಬಂದಿದ್ದೀಯಾ ಇವತ್ತು?" ಎಂದರು ಅತ್ತೆ.

ಪಕ್ಕದ ಮೇಜಿನ ಗುಮಾಸ್ತೆ ನಕ್ಕರು. ಇಂಜಿನಿಯರೂ ನಕ್ಕರು. ಆಮೇಲೆ ದಾರಿಯನ್ನು ಅವರೇ ಹೇಳಿಕೊಟ್ಟರು. ಮೀಟರಿನ ಮೇಲೆ ಅನುಮಾನವಿದ್ದರೆ ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಬರೆದು ಕೊಡಬೇಕು. ಆರ್‌ಆರ್ ನಂಬರು, ಯಾವ ತಿಂಗಳಿಂದ ಅನುಮಾನ, ಯಾಕೆ ಅನುಮಾನ, ಅದರ ಜೊತೆ ಬಿಲ್ಲುಗಳ ನಕಲು. ಪರೀಕ್ಷೆಯ ಶುಲ್ಕವನ್ನು ಕೌಂಟರಿನಲ್ಲಿ ಕಟ್ಟಿ ರಸೀದಿ ಲಗತ್ತಿಸಬೇಕು. ಅರ್ಜಿಯ ಇನ್ನೊಂದು ಪ್ರತಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಬೇಕು. ಮೀಟರು ಕೆಟ್ಟಿದ್ದರೆ ಶುಲ್ಕ ವಾಪಸ್ಸು, ಸರಿಯಿದ್ದರೆ ಶುಲ್ಕವೂ ಹೋಯಿತು, ಬಿಲ್ಲೂ ಕಟ್ಟಬೇಕು.

"ಅಲ್ಲೀಗಂಟ ಲೈನ್ ಕಿತ್ತಾಕಿದ್ರೆ?"

"ಕೀಳಲ್ಲ. ಹಿಂದಿನ ಆರು ತಿಂಗಳ ಬಿಲ್ಲಿನ ಸರಾಸರಿ ಎಷ್ಟು ಬತ್ತದೋ, ಈ ಬಿಲ್ಲಿಗಿಂತ ಅದು ಕಮ್ಮಿ ಇದ್ರೆ, ಅದನ್ನ ಆಕ್ಷೇಪಣೆ ಐತೆ ಅಂತ ಬರೆದು ಕಟ್ಟಿ. ತಕರಾರು ಮುಗಿಯೋಗಂಟ ಕೀಳೋ ಹಂಗಿಲ್ಲ."

ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅರ್ಜಿ ಬರೆದೆ. ಶುಲ್ಕವನ್ನೂ ಆ ಸರಾಸರಿಯನ್ನೂ ಕಟ್ಟಿ ಬಂದೆವು. ಪರೀಕ್ಷೆ ಮಾಡುವವರು ರಾಮನಗರದಿಂದ ಬರಬೇಕಿತ್ತು. ಕೆಲವು ದಿನಗಳ ಮೇಲೆ ತಾರೀಖು ತಿಳಿಸುವ ಪತ್ರ ಬಂತು. ಆ ಸಮಯದಲ್ಲಿ ಗ್ರಾಹಕರು ಸ್ಥಳದಲ್ಲಿರಬೇಕು, ಮೆಷಿನ್ನು ಓಡಿಸಿ ತೋರಿಸಬೇಕು. ಪತ್ರವನ್ನು ನಾನೇ ಓದಿ ಹೇಳಿದೆ. ತಾರೀಖು ಹೇಳಿದೆನೇ ಹೊರತು ಕ್ಯಾಲೆಂಡರಿನಲ್ಲಿ ಅದರ ಪಕ್ಕದ ಕಪ್ಪು ಬೊಟ್ಟನ್ನು ನೋಡಲಿಲ್ಲ. ಅತ್ತೆಯೂ ಕೇಳಲಿಲ್ಲ. ಅವರಿಗೆ ತಾರೀಖುಗಳು ತಿಳಿಯುತ್ತಿರಲಿಲ್ಲ, ತಿಥಿ ತಿಳಿಯುತ್ತಿತ್ತು. ನನಗೆ ಅದರ ಉಲ್ಟಾ.

ಪರೀಕ್ಷೆಯವರು ಬಂದದ್ದು ಅಮಾವಾಸ್ಯೆಯ ದಿನ.

ನಮ್ಮ ಗಿರಣಿ ಅಮಾವಾಸ್ಯೆಗೆ ಓಡುವುದಿಲ್ಲ. ಬಾಗಿಲು ಹಾಕುವುದಷ್ಟೇ ಅಲ್ಲ. ಹಿಂದಿನ ಸಂಜೆಯೇ ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸುಗಳನ್ನು ಕಿತ್ತು, ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ ಮೆಷಿನ್ನಿನ ಮುಂದೆ ಇಡುತ್ತಾರೆ. ಪಾಡ್ಯದ ಬೆಳಿಗ್ಗೆ ಪೂಜೆ ಮಾಡಿ ಮತ್ತೆ ಹಾಕುತ್ತಾರೆ. ಮಾವನ ಕಾಲದಿಂದ ಹಾಗೇ. ಆ ಸಲ ಅತ್ತೆ ಕಿತ್ತಿಟ್ಟದ್ದನ್ನು ನಾನು ನೋಡಿದ್ದು ಬೆಳಿಗ್ಗೆಯೇ.

ಪರೀಕ್ಷೆಯವರು ಒಬ್ಬರೇ ಬಂದಿದ್ದರು, ನಮ್ಮ ಮೀಟರಿನ ಜೊತೆ ತಾಳೆ ನೋಡುವ, ಪೆಟ್ಟಿಗೆಯಷ್ಟು ದೊಡ್ಡ ತಾಳೆಮೀಟರು ಹಿಡಿದುಕೊಂಡು. ನಮ್ಮ ಕಡೆಯ ಲೈನ್‌ಮನ್ ಜೊತೆಗಿದ್ದರು. ತಟ್ಟೆಯಲ್ಲಿದ್ದ ಫ್ಯೂಸು ನೋಡಿ ಬಂದವರು ನಿಂತುಬಿಟ್ಟರು.

"ಅಮ್ಮ, ಮೋಟಾರು ಓಡಿಸ್ಬೇಕು. ಲೋಡ್ ಇಲ್ದೆ ನಾನು ಏನನ್ನ ಅಳೀಲಿ?"

"ಇವತ್ತು ಆಗಕಿಲ್ಲ. ನಾಳೆ ಬನ್ನಿ."

"ನಾಳೆ ಮಾಗಡೀಲಿ ಕೆಲ್ಸ ಐತೆ ನಂಗೆ."

"ಹಂಗಾರೆ ನಾಳಿದ್ದು ಬನ್ನಿ. ಗಿರಣಿ ಎಲ್ಲೂ ಓಡೋಯ್ತಾ ಇಲ್ಲ."

"ದೊಡ್ಡವ್ವ, ಒಂದೇ ಒಂದು ಸೇರು ರಾಗಿ ಹಾಕು. ಅಮಾಸೆಗೆ ನಾ ಉತ್ರ ಹೇಳ್ತೀನಿ," ಎಂದರು ಲೈನ್‌ಮನ್.

"ನೀನು ಉತ್ರ ಹೇಳೋದು ಗೊತ್ತು ಕಣ್ಲಾ. ಕರೆಂಟ್ ಯಾವಾಗ ಬತ್ತದೆ ಅಂದ್ರೇ ಹೇಳಕಾಗಕಿಲ್ಲ ನಿನ್ ಕೈಲಿ."

ನಾನು ಅತ್ತೆಯನ್ನು ಒಳಗೆ ಕರೆದೆ. ಇವತ್ತು ಓಡಿಸದಿದ್ದರೆ ಗ್ರಾಹಕರು ಸಹಕರಿಸಲಿಲ್ಲ ಎಂದು ಬರೆದು ಹೋಗುತ್ತಾರೆ, ಆ ಬಿಲ್ಲೇ ಖಾಯಂ ಆಗುತ್ತದೆ, ಲೈನು ಕೀಳುತ್ತಾರೆ, ಗಿರಣಿ ಮುಚ್ಚುತ್ತದೆ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದಿರಬೇಕು. ಅತ್ತೆ ನನ್ನ ಮುಖ ನೋಡಿದರು. "ಓದಿದೋಳು ನೀನು. ತಾರೀಕು ನೋಡಿದ್ದೆಯಲ್ಲ, ಅಮಾಸೆ ನೋಡ್ಬಾರ್ದಾಗಿತ್ತಾ?" ಎಂದು ಮೆಲ್ಲಗೆ ಕೇಳಿದರು.

ಹೊರಗೆ ಪರೀಕ್ಷೆಯವರು ಬರೆಯುತ್ತಿದ್ದರು. ಮೀಟರಿನ ಸೀಲುಗಳನ್ನು ನೋಡಿದರು, ಒಡೆದಿಲ್ಲ ಎಂದು ಬರೆದರು. ಅಂದು ಅಂಕಿಗಳು ಕಾಣುತ್ತಿದ್ದವು, ರೀಡಿಂಗ್ ಬರೆದುಕೊಂಡರು. ಪರೀಕ್ಷೆ ನಡೆಯದ ಕಾರಣವನ್ನು ವಿವರವಾಗಿ ಬರೆದು, ಕೊನೆಯಲ್ಲಿ ಇನ್ನೊಮ್ಮೆ ರೀಡಿಂಗ್ ನಮೂದಿಸಲು ಕತ್ತೆತ್ತಿದರು. ಬರೆಯದೆ ನಿಂತರು. ಮೇಲೆ ತಾವೇ ಬರೆದ ಅಂಕಿಯನ್ನು ನೋಡಿದರು. ಮತ್ತೆ ಮೀಟರು ನೋಡಿದರು.

"ಫ್ಯೂಸ್ ಕಿತ್ತಿದ್ದೀರಿ ಅಲ್ವಾ?"

"ಕಣ್ ಮುಂದೇ ಐತಲ್ಲಪ್ಪ."

"ಮೂರೂನೂ?"

ಲೈನ್‌ಮನ್ ತಟ್ಟೆಯನ್ನು ಎತ್ತಿ ತೋರಿಸಿದರು. ಮೂರೂ ಅಲ್ಲಿದ್ದವು, ಕುಂಕುಮದ ಸಮೇತ. ಮೀಟರಿನ ಸಣ್ಣ ಕೆಂಪು ದೀಪ ಮಿನುಗುತ್ತಿತ್ತು. ಮೋಟಾರು ಓಡುವಾಗ ಮಿನುಗುವ ಹಾಗೆಯೇ ಮಿನುಗುತ್ತಿತ್ತು.

ಈ ದೀಪವನ್ನು ಮೊದಲು ಕಂಡವರು ಯಾರು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಈಗಲೂ ಒಮ್ಮತವಿಲ್ಲ. ಲೈನ್‌ಮನ್ ಎಂದು ಯಜಮಾನರು ಹೇಳುತ್ತಾರೆ, ಆದರೆ ಅವರು ಅಂದು ಶಿಫ್ಟಿನಲ್ಲಿದ್ದರು. ತಾನೇ ಎಂದು ಅತ್ತೆ ಕೊನೆಯವರೆಗೂ ಹೇಳಿದರು. ಅಂದು ನಾನು ಬರೆದಿಟ್ಟ ದಿನಚರಿಯಲ್ಲಿ 'ನೋಡಿದೆವು' ಎಂದಿದೆ, ಅದರಲ್ಲಿ ನನ್ನ ಪಾಲೆಷ್ಟು ಎಂದಿಲ್ಲ. ಪರೀಕ್ಷೆಯವರ ಮುಖ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ನಾವು ಬೆಚ್ಚಿದ್ದಕ್ಕಿಂತ ಅವರು ಹೆಚ್ಚು ಬೆಚ್ಚಿದ್ದರು.

ಅವರಿಗೆ ಮೊದಲು ಬಂದ ಅನುಮಾನ ಕಳ್ಳತನದ್ದು. ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಯಾರಾದರೂ ವಯರು ಎಳೆದುಕೊಂಡಿದ್ದಾರೆಯೇ ಎಂದು ಗೋಡೆಯುದ್ದಕ್ಕೂ ತಡಕಿದರು. ಹಿಂಬದಿಗೂ ಹೋಗಿ ಬಂದರು. ಹಿಂಬದಿಯ ಬಾಡಿಗೆ ರೂಮಿನವರು, ಪಕ್ಕದ ಮನೆಯವರು, ಎಲ್ಲರ ಮುಖಗಳೂ ಒಂದು ಕ್ಷಣ ನನ್ನ ಕಣ್ಣ ಮುಂದೆ ಸರಿದುಹೋದವು. ಪರೀಕ್ಷೆಯವರು ವಯರಿಗೆ ಚಿಮಟದ ಹಾಗೆ ಹಿಡಿಯುವ ಅಳತೆಯಂತ್ರ ಹಿಡಿದು ನೋಡಿದರು. ಸೊನ್ನೆ. ತಾಳೆಮೀಟರು ಜೋಡಿಸಿದರು. ಅದು ಅಲ್ಲಾಡಲಿಲ್ಲ. ನಮ್ಮ ಮೀಟರು ಓಡುತ್ತಲೇ ಇತ್ತು.

"ಏನೂ ಹೋಗ್ತಾ ಇಲ್ಲ. ಸುಮ್ನೆ ಓಡ್ತಾ ಐತೆ," ಎಂದರು ಅವರು.

ಅತ್ತೆ ಹೊಸ್ತಿಲ ಮೇಲೆ ಕೂತುಬಿಟ್ಟರು. "ಹಂಗಾರೆ ರಾತ್ರೆಲ್ಲ? ನಾವು ಮಲಗಿದ್ದಾಗೆಲ್ಲ?"

ಬರೆದಿದ್ದ ಹಾಳೆಯನ್ನು ಪರೀಕ್ಷೆಯವರು ಅಡ್ಡ ಗೆರೆ ಎಳೆದು ರದ್ದು ಮಾಡಿ, ಹೊಸ ಹಾಳೆಯಲ್ಲಿ ಲೋಡ್ ಇಲ್ಲದೆಯೂ ಮೀಟರು ಓಡುತ್ತಿದೆ ಎಂದು ಬರೆದು, ನನ್ನಿಂದ ಓದಿಸಿ, ಅತ್ತೆಯ ಸಹಿ ಪಡೆದರು. ಲೋಡಿನ ಮೇಲಿನ ಪರೀಕ್ಷೆಗೆ ಮಾಗಡಿಯ ಕೆಲಸ ಬಿಟ್ಟು ನಾಳೆಯೇ ಬರುತ್ತೇನೆ ಎಂದರು. ಪಾಡ್ಯದಂದು ಬಂದರು. ಬೀದಿಯವರ ರಾಗಿ ಸುರಿದು ಮೋಟಾರು ಓಡಿಸಿದಾಗ ತಾಳೆಮೀಟರಿಗಿಂತ ನಮ್ಮದು ಬಹಳ ಮುಂದೆ ಓಡಿತು. ಅದನ್ನು ಕಿತ್ತು ಚೀಲಕ್ಕೆ ಹಾಕಿ ಸೀಲು ಮಾಡಿ, ಹೊಸದನ್ನು ಕೂರಿಸಿದರು. ವರದಿಯ ಪ್ರತಿ ಕೊಟ್ಟರು.

ಹೊಸ ಮೀಟರು ತೋರಿಸಿದ ಬಳಕೆಯನ್ನೇ ಆಧಾರವಾಗಿಟ್ಟು ಕಚೇರಿಯವರು ಬಿಲ್ಲು ತಿದ್ದಿದರು. ಎಷ್ಟು ಹಿಂದಕ್ಕೆ ತಿದ್ದಬಹುದು ಎಂಬುದಕ್ಕೆ ನಿಯಮದಲ್ಲೇ ಮಿತಿಯಿದೆಯಂತೆ. ಬೇಸಿಗೆಯ ತಿಂಗಳುಗಳೂ ಅದರೊಳಗೇ ಬಂದವು. ಪರೀಕ್ಷೆಯ ಶುಲ್ಕವೂ ಸೇರಿ ಉಳಿದ ಹಣ ಮುಂದಿನ ಬಿಲ್ಲುಗಳಲ್ಲಿ ಜಮೆಯಾಗುತ್ತದೆ ಎಂದರು ಇಂಜಿನಿಯರು, ನಾವು ಮತ್ತೆ ಕಚೇರಿಗೆ ಹೋದಾಗ. ನಾನು ಥ್ಯಾಂಕ್ಸ್ ಹೇಳಿ ಎದ್ದೆ. ಅತ್ತೆ ಏಳಲಿಲ್ಲ.

"ಬೇಸ್ಗೇದೂ ಸುಳ್ಳಾ?"

"ಹೂಂ ಅಮ್ಮ. ಅದಕ್ಕೇ ತಿದ್ದಿರೋದು."

"ನೀವು ತಿದ್ಕೊಂಡ್ರಿ. ನಾನು ಅದ ನಂಬ್ಕೊಂಡು ಜನದತ್ರ ಕೂಲಿ ಜಾಸ್ತಿ ಈಸ್ಕೊಂಡ್ಬುಟ್ನಲ್ಲಪ್ಪ."

ಅದಕ್ಕೆ ಇಂಜಿನಿಯರಲ್ಲಿ ನಿಯಮವಿರಲಿಲ್ಲ. ಅತ್ತೆ ಮನೆಗೆ ಬಂದವರೇ ಕೂಲಿಯನ್ನು ಹಳೆಯ ದರಕ್ಕೆ ಇಳಿಸಿದರು. ಬೀಸಿಸಲು ಬಂದವರು ಅನುಮಾನದಿಂದ ನೋಡಿದರು. "ಯಾಕವ್ವ ಕಮ್ಮಿ, ಕಲ್ಲು ಸವೆದೋಯ್ತಾ?" ಎಂದರು ಒಬ್ಬರು. ಅತ್ತೆ ಮೀಟರಿನ ಕಥೆ ಹೇಳುತ್ತಿದ್ದರು. ಫ್ಯೂಸು ಕಿತ್ತಿದ್ದರೂ ಓಡುತ್ತಿತ್ತು ಎಂದರೆ ಯಾರೂ ನಂಬುತ್ತಿರಲಿಲ್ಲ. ನೋಡಿರದಿದ್ದರೆ ನಾನೂ ನಂಬುತ್ತಿರಲಿಲ್ಲವೇನೋ.

ಒಂದು ಮಧ್ಯಾಹ್ನ ಅತ್ತೆ ಸೀರೆಗೆ ಮೆತ್ತಿದ ಹಿಟ್ಟು ಕೊಡವಿಕೊಂಡು ಹಿಂದಿನ ಬೀದಿಗೆ ಹೊರಟರು, ನನ್ನನ್ನೂ ಕರೆದುಕೊಂಡು. ಬಸ್‌ಸ್ಟ್ಯಾಂಡ್ ಗಿರಣಿಗೆ ಹೋಗಿದ್ದವರ ಮನೆಗಳಿಗೆ. ಜಗಲಿಯ ಮೇಲೆ ಕೂತು, ಬೇಸಿಗೆಯಲ್ಲಿ ಹೆಚ್ಚು ತೆಗೆದುಕೊಂಡದ್ದು ತಪ್ಪು, ಅದು ಮೀಟರು ಮಾಡಿದ ಕೆಲಸ, ಆ ಹೆಚ್ಚಿನ ಹಣ ತೀರುವಷ್ಟು ಈಗ ಪುಕ್ಕಟೆ ಬೀಸಿಕೊಡುತ್ತೇನೆ ಎಂದರು. ಅವರು ಕಾಫಿ ಕೊಟ್ಟರು, ಬತ್ತೀವಿ ಬುಡವ್ವ ಎಂದರು. ಕೆಲವರು ಬಂದರು. ಕೆಲವರು ಬರಲೇ ಇಲ್ಲ. ಅವರು ಡಬ್ಬ ಹಿಡಿದು ನಮ್ಮ ಬಾಗಿಲ ಮುಂದೆಯೇ ಬಸ್‌ಸ್ಟ್ಯಾಂಡಿನ ಕಡೆ ಹೋಗುವಾಗ ಅತ್ತೆ ಮೋಟಾರಿನ ಸದ್ದಿನಲ್ಲೂ ತಲೆ ಎತ್ತಿ ನೋಡುತ್ತಿದ್ದರು.