ಸಮಾಜದ ಬ್ರಾಡ್‌ಬ್ಯಾಂಡ್ ಮುಚ್ಚಿಸಿದ ಅಕ್ಕ

ನನಗೆ ಕೋಪ ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರಸಂಗದಲ್ಲಿ ತಪ್ಪು ಮಾಡಿದವಳೂ ನಾನೇ, ಎಲ್ಲರಿಗಿಂತ ಜೋರಾಗಿ ಕೂಗಾಡಿದವಳೂ ನಾನೇ.

ಶಂಕರಪುರಂನಲ್ಲಿ ನಮ್ಮದೊಂದು ಪುಟ್ಟ ಮಹಿಳಾ ಸಮಾಜ. ಹೊಲಿಗೆ ಕ್ಲಾಸು, ಹಾಡಿನ ಕ್ಲಾಸು, ಎರಡು ಬೀರು ಪುಸ್ತಕ, ನಲವತ್ತು ಸ್ಟೀಲ್ ಕುರ್ಚಿ. ಹದಿನೆಂಟು ವರ್ಷ ಒಬ್ಬರೇ ಕಾರ್ಯದರ್ಶಿಯಾಗಿದ್ದರು. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುವುದು. ನಾನು ಆಗ ಸಹ-ಕಾರ್ಯದರ್ಶಿ, ಅಂದರೆ ಬೀಗದ ಕೈ ಹಿಡಿದುಕೊಂಡು ಅವರ ಹಿಂದೆ ಓಡಾಡುವವಳು. ಅಕ್ಕನಿಗೆ ಒಂದು ಚಟವಿತ್ತು. ಎಲ್ಲವೂ ಬರವಣಿಗೆಯಲ್ಲಿ ಇರಬೇಕು. ಫ್ಯಾನ್ ರಿಪೇರಿಗೆ ಬಂದವನೂ ಚೀಟಿ ಬರೆದುಕೊಟ್ಟೇ ಹೋಗಬೇಕು. ಸಮಾಜಕ್ಕೆ ಯಾರೇ ಕಾಗದ ಕೊಟ್ಟರೂ ಅದರ ನಕಲಿನ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ನೇರಳೆ ಬಣ್ಣದ ಸೀಲು ಒತ್ತಿ, ತಾರೀಕು ಹಾಕಿ, ಸಹಿ ಮಾಡಿ ಹಿಂದಿರುಗಿಸುತ್ತಿದ್ದರು. ನನಗೋ ಇದನ್ನೆಲ್ಲ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಲಾಕ್‌ಡೌನ್ ಕಾಲದಲ್ಲಿ ಹಾಡಿನ ಕ್ಲಾಸು ಆನ್‌ಲೈನ್ ಆದಾಗ ಸಮಾಜಕ್ಕೆ ಬ್ರಾಡ್‌ಬ್ಯಾಂಡ್ ಹಾಕಿಸಿದೆವು. ಆಗ ಸಮಾಜದ ನೋಂದಣಿ ನವೀಕರಣ ಆಗಿರಲಿಲ್ಲ. ಹಾಗಾಗಿ ಅಕ್ಕ ತಮ್ಮ ಆಧಾರ್ ಕಾರ್ಡ್ ಕೊಟ್ಟು ತಮ್ಮ ಹೆಸರಿನಲ್ಲೇ ಕನೆಕ್ಷನ್ ತಗೊಂಡರು. ಮೋಡೆಮ್ಮಿಗೂ ಸೇರಿ ಮೂರು ಸಾವಿರ ಠೇವಣಿ, ಅದು ಮಾತ್ರ ಸಮಾಜದ ದುಡ್ಡು. ಆಮೇಲೆ ಕ್ಲಾಸು ಮತ್ತೆ ಹಜಾರಕ್ಕೇ ಬಂತು, ಎಲ್ಲರ ಮೊಬೈಲಲ್ಲೂ ಇಂಟರ್ನೆಟ್ ಬಂತು. ಗೋಡೆಯ ಮೇಲಿನ ಮೋಡೆಮ್ಮು ಯಾರಿಗೂ ಬೇಡವಾಗಿ ಮಿಣಮಿಣ ಅನ್ನುತ್ತಿತ್ತು.

ಕಳೆದ ವರ್ಷ ಅಕ್ಕ ತಾವು ಬಿಡುವುದಾಗಿ ಹೇಳಿದರು. ಎಪ್ಪತ್ತನಾಲ್ಕು ವಯಸ್ಸು, ಮಂಡಿ ನೋವು, ಸಾಕಲ್ಲ. ಯುಗಾದಿಯ ನಂತರದ ವಾರ್ಷಿಕ ಸಭೆಯಲ್ಲಿ ಅಧಿಕಾರ ಒಪ್ಪಿಸುವುದೆಂದಾಯಿತು. ಸಮಿತಿಯಲ್ಲಿ ಒಬ್ಬ ಸದಸ್ಯೆ ಇದ್ದರು, ಯಾವಾಗಲೂ ಮುಂದಿನ ಸಾಲಿನ ಮೊದಲ ಕುರ್ಚಿ ಹಿಡಿಯುವವರು. ಅವರು ಮೆತ್ತಗೆ ಕೇಳಿದರು.

“ಅಲ್ಲ, ಕನೆಕ್ಷನ್ ನಿಮ್ ಹೆಸ್ರಲ್ಲಿದೆ, ಠೇವಣಿ ನಮ್ದು. ಅದು ವಾಪಸ್ ಬಂದ್ರೆ ಯಾರ್ ಕೈಗೆ ಹೋಗುತ್ತೆ?”

ಅಕ್ಕನ ಮುಖ ಸಣ್ಣದಾಯಿತು. “ಸಭೆಗೆ ಮುಂಚೆ ಸಮಾಜದ ಖಾತೆಗೆ ಬರುತ್ತೆ. ಬರದೆ ನಾನು ಈ ಬಾಗ್ಲು ದಾಟಲ್ಲ,” ಅಂದರು. ಹದಿನೆಂಟು ವರ್ಷ ಒಂದು ರೂಪಾಯಿ ಹೆಚ್ಚುಕಡಿಮೆ ಮಾಡದ ಹೆಂಗಸು, ಹೋಗುವ ಹೊತ್ತಿಗೆ ಅನುಮಾನ ಹೊತ್ತುಕೊಂಡು ಹೋಗುವುದೇ? ನನಗೆ ರೇಗಿಹೋಯಿತು.

“ಕೊಡಿ ಅಕ್ಕಾ ಫೋನು, ಎರಡು ನಿಮಿಷದ ಕೆಲ್ಸ,” ಅಂತ ಅವರ ಮೊಬೈಲಿನಿಂದಲೇ ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಏನೇನೋ ಆಯ್ಕೆ ಹೇಳಲು ಶುರು ಮಾಡಿದಳು. “ನಂಗೆ ಕತೆ ಬೇಡಮ್ಮ, ನಿಲ್ಸಿಬಿಡಿ ಅಷ್ಟೇ!” ಅಂದೆ. ನಿಲ್ಲಿಸುತ್ತೇವೆ ಅಂದಳು. ಮಾರನೇ ದಿನ ಮೋಡೆಮ್ಮಿನ ಹಸಿರು ದೀಪ ಆರಿತು. ನಾನು ಅದರ ಪ್ಲಗ್ಗು ಕಿತ್ತು, ಯುದ್ಧ ಗೆದ್ದವಳ ಹಾಗೆ ಬೀಗಿದೆ.

“ಬರವಣಿಗೇಲಿ ಏನಾದ್ರೂ ಕೊಟ್ರೇನೇ?” ಅಕ್ಕ ಕೇಳಿದರು.

“ಅಯ್ಯೋ ಅಕ್ಕಾ, ಯಾವ ಕಾಲದಲ್ಲಿದೀರಾ!”

ಅದು ದಸರಾ ಗೊಂಬೆ ಕೂರಿಸುವ ಸಮಯ. ಆಮೇಲೆ ಆಗಾಗ ಅಕ್ಕನ ಮೊಬೈಲಿಗೆ ಕಂಪನಿಯಿಂದ ಮೆಸೇಜುಗಳು ಬರುತ್ತಿದ್ದವು. ಅವರು ತೋರಿಸಿದಾಗೆಲ್ಲ ನಾನು, “ಇವೆಲ್ಲ ಸುಮ್ನೆ ಬರ್ತಾನೇ ಇರ್ತವೆ, ಬಿಡಿ” ಅನ್ನುತ್ತಿದ್ದೆ. ಬಿಲ್ಲುಗಳು ಹೋಗುತ್ತಿದ್ದದ್ದು ಸಮಾಜಕ್ಕೆಂದು ನಾನೇ ತೆರೆದ ಈಮೇಲಿಗೆ. ಅದರ ಪಾಸ್‌ವರ್ಡೇ ನನಗೆ ಮರೆತುಹೋಗಿತ್ತು. ಸಂಕ್ರಾಂತಿಯ ಎಳ್ಳು ಹಂಚುವ ದಿನ ಸಮಾಜದ ವಿಳಾಸಕ್ಕೆ ಒಂದು ಕವರು ಬಂತು. ಬಾಕಿ ಹಣ ಕಟ್ಟದಿದ್ದರೆ ಕಾನೂನು ಕ್ರಮ, ಅಂತ ಅಕ್ಕನ ಪೂರ್ತಿ ಹೆಸರು ಹಾಕಿ ಬರೆದಿತ್ತು. ಅದನ್ನು ಒಡೆದವರು, ಇನ್ಯಾರು, ಮುಂದಿನ ಸಾಲಿನವರೇ. ಎಳ್ಳಿನ ಜೊತೆ ಆ ಸುದ್ದಿಯೂ ಮನೆಮನೆಗೆ ಹೋಯಿತು.

ಅಕ್ಕ ನನ್ನನ್ನು ಬೈದಿದ್ದರೆ ವಾಸಿಯಿತ್ತು. ಮೇಜಿನ ಮುಂದೆ ಕೂತು, ಬಿಳಿ ಹಾಳೆಗೆ ಮಾರ್ಜಿನ್ ಮಡಿಸಿ ಅರ್ಜಿ ಬರೆದರು. ಕನೆಕ್ಷನ್ ನಂಬರು, ತಮ್ಮ ಹೆಸರು, ವಿಳಾಸ. ‘ಸದರಿ ಸಂಪರ್ಕವನ್ನು ಶಾಶ್ವತವಾಗಿ ಮುಕ್ತಾಯಗೊಳಿಸಿ, ಅಂತಿಮ ಬಿಲ್ಲನ್ನು ನೀಡಿ, ಠೇವಣಿಯನ್ನು ಹಿಂದಿರುಗಿಸಬೇಕಾಗಿ ಕೋರಿಕೆ.’ ಎರಡು ಪ್ರತಿ. ಜೊತೆಗೆ ಆಧಾರ್ ನಕಲು, ಠೇವಣಿಯ ರಸೀದಿಯ ನಕಲು. ಐದು ವರ್ಷದ ಹಿಂದಿನ ಆ ರಸೀದಿ ಫೈಲಿನಲ್ಲಿ ಇಸ್ತ್ರಿ ಮಾಡಿಟ್ಟ ಹಾಗಿತ್ತು!

ಗಾಂಧಿ ಬಜಾರಿನ ಹತ್ತಿರವೇ ಬ್ರಾಡ್‌ಬ್ಯಾಂಡ್ ಕಂಪನಿಯ ಅಂಗಡಿ, ಇಬ್ಬರೂ ಹೋದೆವು. ಕೌಂಟರಿನ ಯುವಕ ಕಂಪ್ಯೂಟರು ನೋಡಿ ಹೇಳಿದ.

“ಮೇಡಂ, ನೀವು ಆಗ ಕೇಳಿರೋದು ಟೆಂಪರರಿ ಹೋಲ್ಡು. ಮೂರು ತಿಂಗಳು ಲೈನ್ ನಿಲ್ಸಿರ್ತೀವಿ, ಅದಕ್ಕೆ ತಿಂಗಳಿಗೆ ಸ್ವಲ್ಪ ಚಾರ್ಜು. ಅವಧಿ ಮುಗಿದ ಮೇಲೆ ತಾನಾಗೇ ಶುರುವಾಗಿದೆ, ಪೂರ್ತಿ ಬಿಲ್ ಬಿದ್ದಿದೆ. ನಿಲ್ಸೋದು ಬೇರೆ, ಮುಚ್ಚೋದು ಬೇರೆ ಮೇಡಂ.”

“ಏನ್ರೀ ಇದು ಅನ್ಯಾಯ! ನಿಲ್ಸಿ ಅಂದ್ರೆ ಏನು ಅರ್ಥ? ಕನ್ನಡ ಬರಲ್ವಾ ನಿಮ್ಗೆ?” ಇಡೀ ಅಂಗಡಿ ತಿರುಗಿ ನೋಡುವ ಹಾಗೆ ಕೂಗಿದೆ. ಅಕ್ಕ ನನ್ನ ಮೊಣಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಆ ಯುವಕನಿಗೆ, “ನೀವ್ ಹೇಳಿದ್ದು ಸರಿ ಕಣಪ್ಪ. ನಿಲ್ಸೋದಲ್ಲ, ಮುಚ್ಬೇಕು. ಅದನ್ನೇ ಬರೆದಿದೀನಿ ನೋಡಿ,” ಅಂದರು.

“ಈಗ ಕಾಗದ ಎಲ್ಲ ಬೇಡ ಮೇಡಂ, ಸಿಸ್ಟಮ್ಮಲ್ಲಿ ಹಾಕ್ತೀನಿ.”

“ಹಾಕಿ. ಆದ್ರೆ ಆ ನಂಬರು ಈ ನಕಲಿನ ಮೇಲೆ ಬರ್ದು, ಸೀಲ್ ಒತ್ತಿ ಕೊಡಿ. ಅಲ್ಲೀವರ್ಗೂ ನಾನು ಇಲ್ಲೇ ಕೂತಿರ್ತೀನಿ, ನಂಗೇನೂ ಆತುರ ಇಲ್ಲ.”

ಆ ನಗುವಿನ ಮುಂದೆ ಅವನು ಏನು ಮಾಡಿಯಾನು! ಡ್ರಾಯರಿನ ಮೂಲೆಯಿಂದ ಸೀಲು ಹುಡುಕಿ ತೆಗೆದ. ಠೇವಣಿ ವಾಪಸಿಗೆ ಕ್ಯಾನ್ಸಲ್ ಮಾಡಿದ ಚೆಕ್ಕು ಕೇಳಿದ. ಅಕ್ಕ ಸಮಾಜದ ಖಾತೆಯದ್ದನ್ನೇ ಕೊಟ್ಟರು. “ಆಗಲ್ಲ ಮೇಡಂ, ಕನೆಕ್ಷನ್ ಯಾರ ಹೆಸ್ರಲ್ಲಿದ್ಯೋ ಅವ್ರ ಖಾತೆಗೇ ಹೋಗೋದು.” ಅಕ್ಕ ಚೀಲದಿಂದ ತಮ್ಮ ಸ್ವಂತ ಚೆಕ್ ಪುಸ್ತಕ ತೆಗೆದರು. ಮುಂದಿನ ಸಾಲಿನ ಬಾಯಿಗೆ ಇದೇ ಸಾಕು ಅಂತ ಇಬ್ಬರಿಗೂ ಗೊತ್ತಿತ್ತು.

ಅಲ್ಲಿಂದ ಎಲ್ಲವೂ ಹೇಳಿದ ಹಾಗೇ ನಡೆಯಿತು, ಅದನ್ನೂ ಹೇಳಬೇಕು. ವಾರದೊಳಗೆ ಲೈನು ಮುಚ್ಚಿತು. ಒಬ್ಬರು ಬಂದು ಮೋಡೆಮ್ಮು, ಅಡಾಪ್ಟರು ಬಿಚ್ಚಿಕೊಂಡು ಹೋದರು. ಅಕ್ಕ ಅವರಿಂದ ಎರಡಕ್ಕೂ ಸೇರಿಸಿ ರಸೀದಿ ಬರೆಸಿಕೊಂಡರು. ಮುಚ್ಚಿದ ದಿನದವರೆಗೆ ಲೆಕ್ಕ ಹಾಕಿದ ಅಂತಿಮ ಬಿಲ್ಲು ಬಂತು. ಠೇವಣಿಯಲ್ಲೇ ಹಿಡಿದುಕೊಳ್ಳಬಹುದು ಅಂದರಂತೆ. ಅಕ್ಕ ಒಪ್ಪಲಿಲ್ಲ, ಸಮಾಜದ ಮೂರು ಸಾವಿರ ಮೂರು ಸಾವಿರವಾಗಿಯೇ ಬರಬೇಕು ಅಂತ ಬಿಲ್ಲನ್ನು ಬೇರೆಯಾಗಿ ಕಟ್ಟಿ, ಬಾಕಿ ಏನೂ ಇಲ್ಲ ಎಂಬ ಪತ್ರ ತೆಗೆದುಕೊಂಡರು. ಕಟ್ಟಿದ್ದು ಯಾರ ದುಡ್ಡು ಅಂತ ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಅನ್ನುವುದೇ ನಿಜ.

ಠೇವಣಿ ಮಾತ್ರ ಬೇಗ ಬರಲಿಲ್ಲ. ಅದಕ್ಕೆ ಕಂಪನಿಗೆ ಇಷ್ಟು ದಿನ ಅಂತ ಗಡುವಿದೆ, ಆ ಗಡುವು ಸಭೆಯ ಹತ್ತಿರಕ್ಕೇ ಬರುತ್ತಿತ್ತು. ಅಕ್ಕ ಎರಡು ದಿನಕ್ಕೊಮ್ಮೆ ಮಂಡಿ ನೋವಿನಲ್ಲೇ ಬ್ಯಾಂಕಿಗೆ ಹೋಗಿ ತಮ್ಮ ಪಾಸ್‌ಬುಕ್ ಎಂಟ್ರಿ ಹಾಕಿಸುತ್ತಿದ್ದರು. ಒಂದು ದಿನ ಹಿಂದಿರುಗುವಾಗ ಸಮಾಜದ ಮೆಟ್ಟಿಲ ಮೇಲೆ ಕೂತುಬಿಟ್ಟರು. “ಬರ್ದೇ ಇದ್ರೆ ನನ್ ಕೈಯಿಂದ ಕೊಡ್ಬಹುದು ಕಣೇ. ಆದ್ರೆ ಆಗ ಅದು ಠೇವಣಿ ಆಗಲ್ಲ, ಬಾಯ್ ಮುಚ್ಸಕ್ಕೆ ಕೊಟ್ಟ ದುಡ್ಡಾಗುತ್ತೆ.” ಶನಿವಾರ ಬೆಳಿಗ್ಗೆ, ಸಭೆಗೆ ಒಂದೇ ದಿನ ಇರುವಾಗ, ಪಾಸ್‌ಬುಕ್ಕಿನಲ್ಲಿ ಮೂರು ಸಾವಿರದ ಸಾಲು ಮೂಡಿತು. ಅಕ್ಕ ಅದೇ ಬ್ಯಾಂಕಿನಲ್ಲಿದ್ದ ಸಮಾಜದ ಖಾತೆಗೆ ಆಗಲೇ ಚೆಕ್ಕು ಬರೆದು ಹಾಕಿದರು.

ಭಾನುವಾರ ನಲವತ್ತು ಕುರ್ಚಿಯೂ ತುಂಬಿತ್ತು. ಅಕ್ಕ ನಿಂತು, ಅರ್ಜಿ, ಮೋಡೆಮ್ ರಸೀದಿ, ಬಾಕಿ ಇಲ್ಲದ ಪತ್ರ, ಪಾಸ್‌ಬುಕ್ಕಿನ ನಕಲು ಎಲ್ಲವನ್ನೂ ಒಂದೊಂದಾಗಿ ಓದಿದರು. ಕೊನೆಗೆ, “ಮೊದಲು ದೂರವಾಣಿಯಲ್ಲಿ ತಿಳಿಸಿದ್ದು ಸರಿಯಾಗಿ ದಾಖಲಾಗದೆ ಕೆಲವು ತಿಂಗಳ ಶುಲ್ಕ ಹೆಚ್ಚಾಗಿ ಬಿದ್ದಿತು. ಅದನ್ನು ಕಾರ್ಯದರ್ಶಿಯೇ ಭರಿಸಿದ್ದಾರೆ,” ಅಂತ ಓದಿ ಕೂತರು.

“ಹಾಗೆ ಫೋನ್ ಮಾಡಿದ್ ಯಾರು?” ಮುಂದಿನ ಸಾಲು ಕೇಳಿತು.

“ಕನೆಕ್ಷನ್ ನನ್ ಹೆಸ್ರಲ್ಲಿತ್ತು. ತಪ್ಪೂ ನನ್ ಹೆಸ್ರಲ್ಲೇ ಇರ್ಲಿ.”

ನನಗೆ ಕೂತಿರಲಾಗಲಿಲ್ಲ. ಎದ್ದು ನಿಂತೆ. “ಫೋನ್ ಮಾಡಿದ್ದು ನಾನು. ಆ ಹುಡುಗಿ ಹೇಳೋದನ್ನ ಕೇಳ್ಲಿಲ್ಲ. ಮೆಸೇಜ್ ತೋರ್ಸಿದ್ರೆ ಬಿಡಿ ಅಂದೆ. ಅಕ್ಕಂದು ಏನೂ ತಪ್ಪಿಲ್ಲ. ಆ ಶುಲ್ಕ ನಾನ್ ಕೊಡ್ತೀನಿ.”

ಅಕ್ಕ ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು ನನ್ನನ್ನು ನೋಡಿದರು. ಇಷ್ಟು ವರ್ಷ ‘ನೀನು’ ಅಂತಿದ್ದವರು ಅವತ್ತು ಬಹುವಚನಕ್ಕೆ ಏರಿದರು.

“ಸಹ-ಕಾರ್ಯದರ್ಶಿಗಳೇ, ಬಾಯಲ್ಲಿ ಹೇಳಿದ್ರೆ ನಮ್ಮಲ್ಲಿ ದಾಖಲಾಗಲ್ಲ. ಬರವಣಿಗೇಲಿ ಕೊಡಿ.”

ಎಲ್ಲರೂ ಗೊಳ್ಳೆಂದು ನಕ್ಕರು, ಮುಂದಿನ ಸಾಲು ಕೂಡ. ನಾನೂ ಅಳುತ್ತಲೇ ನಕ್ಕೆ. ಅಲ್ಲೇ ಮೇಜಿನ ಮೇಲೆ ಹಾಳೆಗೆ ಮಾರ್ಜಿನ್ ಮಡಿಸಿ ಬರೆದೆ. ಎರಡು ಪ್ರತಿ. ಅಕ್ಕ ಎರಡನ್ನೂ ಪೂರ್ತಿ ಓದಿದರು, ಒಂದು ಕಾಗುಣಿತ ತಿದ್ದಿದರು. ಆಮೇಲೆ ಕೊನೆಯ ಸಲ ಆ ನೇರಳೆ ಸೀಲನ್ನು ತೆಗೆದು ನನ್ನ ಪ್ರತಿಯ ಮೇಲೆ ಒತ್ತಿ, ತಾರೀಕು ಹಾಕಿ, ಸಹಿ ಮಾಡಿ ಕೊಟ್ಟರು.

ಶುಲ್ಕವನ್ನು ಮಾತ್ರ ಅವರು ಇವತ್ತಿಗೂ ತೆಗೆದುಕೊಂಡಿಲ್ಲ. ಸೀಲು ಈಗ ನನ್ನ ಹತ್ತಿರವಿದೆ, ನಾನೇ ಈಗಿನ ಕಾರ್ಯದರ್ಶಿ. ಆ ಕಾಗದ ಮನೆಯ ಬೀರುವಿನಲ್ಲಿದೆ. ಯಾರ ಮೇಲಾದರೂ ಕೂಗಾಡಿ ಬಂದ ದಿನ ಅದನ್ನು ತೆಗೆದು ನೋಡುತ್ತೇನೆ. ಮೇಲೆ ನನ್ನ ವಕ್ರ ಅಕ್ಷರದಲ್ಲಿ ನನ್ನ ತಪ್ಪು, ಕೆಳಗೆ ಅಕ್ಕನ ಸಹಿ, ‘ಸ್ವೀಕರಿಸಲಾಗಿದೆ’ ಅಂತ.